ನೂರಿಪ್ಪತ್ತು ಸೆಕೆಂಡಿನ ಟಗರು

ರಾಜಮಹ್ಮದ ಮಾಸ್ತರರು ಬೂಟಿನ ಲಾಡಿ ಬಿಚ್ಚಲು ಬಗ್ಗಿದ್ದೇ ತಪ್ಪಾಯಿತು. ಬಾಗಲಕೋಟೆ ನವನಗರದ ಹಿಟ್ಟಿನ ಗಿರಣಿಯೊಂದರ ಮುಂದೆ, ಮಹಡಿಗೆ ಹೋಗುವ ಮೆಟ್ಟಿಲ ಬುಡದಲ್ಲಿ, ಅವರು ಬಗ್ಗಿದ ಭಂಗಿಯನ್ನು ಹಿಂದೆ ಕಟ್ಟಿದ್ದ ಪ್ರಾಣಿಯೊಂದು ಯುದ್ಧದ ಕರೆ ಎಂದು ತಿಳಿಯಿತು. ಹಿಂದಿನಿಂದ ಲಾರಿ ಗುದ್ದಿದಂತಾಯಿತು. ಇಸ್ತ್ರಿ ಮುರಿಯಬಾರದೆಂದು ಇಳಕಲ್ಲಿನಿಂದ ಬಸ್ಸಿನಲ್ಲಿ ನಿಂತುಕೊಂಡೇ ಬಂದಿದ್ದ ಮಾಸ್ತರರು ಹೊಸ್ತಿಲು ದಾಟಿ, ಯಾರದೋ ಜೋಳದ ಹಿಟ್ಟಿನ ಬುಟ್ಟಿಯಲ್ಲಿ ಕುತ್ತಿಗೆಯವರೆಗೆ ಹೋಗಿ ನಿಂತರು. ಬೀಸಿಸಲು ಸಾಲು ಹಚ್ಚಿದ್ದ ಹೆಂಗಸರು ಸೆರಗನ್ನು ಬಾಯಿಗೆ ಒತ್ತಿಕೊಂಡರು. ಅವರಲ್ಲಿ ಒಬ್ಬಾಕೆ, ಇವರು ಗಣಪತಿ ಪೆಂಡಾಲಿನಲ್ಲಿ ನಗೆಭಾಷಣ ಮಾಡುವವರಲ್ಲವೇ ಎಂದು ಕೇಳಿದಳು. ಇನ್ನೊಬ್ಬಾಕೆ ಅವರನ್ನು ಮೇಲಿಂದ ಕೆಳಗೆ ನೋಡಿ, "ಹೌದವಾ. ಅವತ್ತ ನಗು ಬಂದಿದ್ದಿಲ್ಲ," ಎಂದಳು.

ಒಳಗಿನಿಂದ ಗಿರಣಿಯ ಯಜಮಾನ ಈರಪ್ಪ ಓಡಿ ಬಂದ. ಬಂದವನು ಮಾಸ್ತರರನ್ನು ದಾಟಿಕೊಂಡು ಟಗರಿನ ಹತ್ತಿರ ಹೋಗಿ, ಅದರ ಕೋಡು ತಡವಿ, ಹಣೆ ಸವರಿ, ಪೆಟ್ಟೇನೂ ಆಗಿಲ್ಲವೆಂದು ಖಾತ್ರಿ ಮಾಡಿಕೊಂಡ ಮೇಲೆ ಈಕಡೆ ತಿರುಗಿದ.

"ಬಬ್ಲುನ ಮುಂದ ಹಂಗ ಬಗ್ಗಬಾರದ್ರಿ ಮಾಸ್ತರ್ರ. ಅವಗ ಮರ್ಯಾದಿ ತಿಳ್ಯಾಂಗಿಲ್ಲ."

ಮಾಸ್ತರರು ಸೊಂಟ ಹಿಡಿದುಕೊಂಡು, ಮುಖದ ತುಂಬ ಹಿಟ್ಟು ಮೆತ್ತಿಕೊಂಡು ಮೆಟ್ಟಿಲು ಹತ್ತಿದರು. ಮಹಡಿಯ ಖೋಲಿಯಲ್ಲಿ ಕಂಪ್ಯೂಟರಿನ ಮುಂದೆ ಕೂತಿದ್ದ ಈರಪ್ಪನ ತಂಗಿ ದಾನೇಶ್ವರಿ ಕತ್ತು ತಿರುಗಿಸಿ ನೋಡಿದಳು. ನಗಲಿಲ್ಲ. ಪೆನ್ನು ಕೈಗೆತ್ತಿಕೊಂಡು, "ಸರ, ಹಂಗ ಒಂದ ನಿಮಿಷ ನಿಂದರ್ರಿ," ಎಂದು ಅವರನ್ನು ಬರೆದುಕೊಂಡಳು.

ಈ ದಾನೇಶ್ವರಿ ಹುನಗುಂದದ ಹೈಸ್ಕೂಲಿನಲ್ಲಿ ಮಾಸ್ತರರ ಕೈಯಲ್ಲಿ ಕನ್ನಡ ಕಲಿತವಳು. ಕಲಿತವಳು ಎನ್ನುವುದು ಮಾಸ್ತರರ ಮಾತು. ಅವಳು ಆ ಮೂರು ವರ್ಷ ಕನ್ನಡ ಪುಸ್ತಕದ ಪುಟಗಳ ಮೂಲೆಯಲ್ಲಿ ಒಂದೊಂದೇ ಚಿತ್ರ ಬರೆಯುತ್ತ ಕೂತಿದ್ದಳು. ಪುಟಗಳನ್ನು ಬೆರಳಿನಿಂದ ಸರ್ರನೆ ಬಿಟ್ಟರೆ ಒಬ್ಬ ಮನುಷ್ಯ ಓಡಿ ಬಂದು ಟೊಪ್ಪಿಗೆ ಹಾಕಿದ ಇನ್ನೊಬ್ಬನ ತಲೆಗೆ ಬಡಿಗೆಯಿಂದ ಹೊಡೆಯುತ್ತಿದ್ದ. ಟೊಪ್ಪಿಗೆ ಯಾರದೆಂದು ಶಾಲೆಗೆಲ್ಲ ಗೊತ್ತಿತ್ತು. ಮಾಸ್ತರರು ಪುಸ್ತಕ ಕಸಿದುಕೊಂಡು ಹೋಗಿ, ಸ್ಟಾಫ್ ರೂಮಿನಲ್ಲಿ ಎಲ್ಲರೂ ಸೇರಿ ತಮ್ಮ ತಲೆ ಒಡೆಯುವುದನ್ನು ಮತ್ತೆ ಮತ್ತೆ ನೋಡಿದ್ದರು.

ಅಪ್ಪ ತೀರಿಕೊಂಡ ಮೇಲೆ ಮನೆ ಈರಪ್ಪನ ಕೈಗೆ ಬಂತು. ಈರಪ್ಪನ ಕೈ ದೊಡ್ಡದು, ಎಲ್ಲರ ಮೇಲೂ ಬೀಳುತ್ತಿತ್ತು. ದಾನೇಶ್ವರಿ ಆ ಕೈಗೆ ಸಿಗದಷ್ಟು ದೂರ ಎಂದು ಇಳಕಲ್ಲಿಗೆ ಹೋಗಿ, ಸೀರೆ ವ್ಯಾಪಾರಿಯೊಬ್ಬರ ಬಳಿ ಗ್ರಾಫ್ ಕಾಗದದ ಮೇಲೆ ಕಸೂತಿ ನಮೂನೆ ಬರೆದಳು. ಹುಬ್ಬಳ್ಳಿಯಲ್ಲಿ ಜಾಹೀರಾತಿನ ಗೊಂಬೆಗಳನ್ನು ಕುಣಿಸುವ ಅಂಗಡಿಯಲ್ಲಿ ಆನಿಮೇಷನ್ ಕಲಿತಳು. ಹಳೆಯ ಕಂಪ್ಯೂಟರೊಂದನ್ನು ಹೊತ್ತುಕೊಂಡು ತಿರುಗಿ ಬಂದು ಅಪ್ಪನ ಗಿರಣಿಯ ಮೇಲಿನ ಖೋಲಿಯಲ್ಲಿ ಕೂತಳು. ಕೆಳಗೆ ಗಿರಣಿ ಶುರುವಾದರೆ ಮೇಲೆ ಅವಳ ಗೊಂಬೆಗಳೂ ನಡುಗುತ್ತಿದ್ದವು. ಮೊಬೈಲಿಗೆ ಬರುವ ಮದುವೆಯ ಕರೆಯೋಲೆ, ಕುಣಿಯುವ ಬದನೆಕಾಯಿಯ ಶಿಶುಗೀತೆ, ಇವು ಅವಳ ಅನ್ನ. ಆದರೆ ಅವಳು ಮಾಡಿದ್ದರಲ್ಲಿ ಎಲ್ಲಿಯಾದರೂ ಒಂದು ಪೆಟ್ಟು ಇರಲೇಬೇಕು. ಬದನೆಕಾಯಿ ಕುಣಿಯುತ್ತ ಟೊಮೆಟೊ ಮೇಲೆ ಕಾಲಿಡುತ್ತಿತ್ತು. ಕರೆಯೋಲೆಯಲ್ಲಿ ಮದುಮಗನ ಕುದುರೆ ಬೀಗರನ್ನು ಒದೆಯುತ್ತಿತ್ತು. ಗಿರಾಕಿಗಳು ತಕರಾರು ಮಾಡಿದರೆ ಬಸ್ ನಿಲ್ದಾಣದಲ್ಲಿ ಗಾಡಿ ಬಂತೆಂದು ಹೇಳುವವರ ದನಿಯಲ್ಲಿ, "ತಗೀತೇನಿ ಬಿಡ್ರಿ, ಆದ್ರ ಆಮ್ಯಾಲ ಯಾರೂ ನೋಡಾಂಗಿಲ್ಲ," ಎನ್ನುತ್ತಿದ್ದಳು. ಅವಳ ಮುಖದ ಮೇಲೆ ಯಾವ ಭಾವವನ್ನೂ ಯಾರೂ ಹಿಡಿದಿರಲಿಲ್ಲ.

ಈಗ ಅವಳಿಗೆ ಒಂದು ಅವಕಾಶ ಬಂದಿತ್ತು. ಎರಡು ನಿಮಿಷದ ಆನಿಮೇಷನ್ ಚಿತ್ರಗಳ ಸ್ಪರ್ಧೆ. ಚಿತ್ರ ಮಾಡಿ ಕಳಿಸುವುದಲ್ಲ; ಕಥೆಯ ಹಂದರವನ್ನು ಮೂರು ಅಂಕಗಳಲ್ಲಿ, ಒಂದೇ ಪುಟದಲ್ಲಿ ಬರೆದು ಕಳಿಸಬೇಕು. ಆಯ್ಕೆಯಾದರೆ ಚಿತ್ರ ಮಾಡುವ ಖರ್ಚು ಅವರದು. ಸೋಮವಾರ ಸಂಜೆ ಐದಕ್ಕೆ ಬಾಗಿಲು ಮುಚ್ಚುತ್ತದೆ. ಈರಪ್ಪನೂ ತನ್ನದೊಂದು ಬಾಗಿಲು ಮುಚ್ಚುವವನಿದ್ದ: ಇದು ಆಗದಿದ್ದರೆ ಮಹಡಿಯ ಖೋಲಿ ಬಬ್ಲುಗೆ. ಟಗರಿಗೆ ಕೆಳಗೆ ಸೆಖೆಯಾಗುತ್ತಿದೆ, ಮೇಲೆ ಫ್ಯಾನು ಇದೆ. ಬೆಳಿಗ್ಗೆ ಬದಾಮಿ, ಮಧ್ಯಾಹ್ನ ತತ್ತಿ, ಸಂಜೆ ಹಾಲು ತಿನ್ನುವ ಪ್ರಾಣಿಗೆ ಫ್ಯಾನು ಬೇಡವೆ?

ದಾನೇಶ್ವರಿಯ ಬಳಿ ಇದ್ದದ್ದು ಒಂದು ಸಾಲು: ಕಾಳಗದ ಟಗರೊಂದು ಕನ್ನಡಿಯಲ್ಲಿ ತನ್ನನ್ನು ಕಂಡು ಗುದ್ದುತ್ತದೆ. ಅದು ಬಬ್ಲುನೇ ಕೊಟ್ಟ ಕಥೆ. ಅವ್ವ ಗುರುಸಿದ್ದವ್ವನ ಮದುವೆಯಲ್ಲಿ ಬಂದ ಕಬ್ಬಿಣದ ಕಪಾಟಿನ ಕನ್ನಡಿಯಲ್ಲಿ ಅದು ಎದುರಾಳಿಯನ್ನು ಕಂಡು, ಕಪಾಟಿಗೆ ಹೊಸ ಆಕಾರ ಕೊಟ್ಟಿತ್ತು. ಸಾಲನ್ನು ಕಥೆ ಮಾಡಲು ಅವಳು ಮಾಸ್ತರರನ್ನು ಕರೆದಿದ್ದಳು. ನಗೆಬರಹದ ನಾಲ್ಕು ಪುಸ್ತಕ ಬರೆದು, ನಾಲ್ಕನ್ನೂ ತಾವೇ ಹಂಚಿದ್ದ ಮಾಸ್ತರರು ಹನ್ನೊಂದು ಪುಟ ಬರೆದು ತಂದಿದ್ದರು.

ಅವರು ಓದತೊಡಗಿದರು. ಟಗರಿನ ಹುಟ್ಟು, ತಾಯಿಯ ಅಗಲಿಕೆ, ಐಹೊಳೆಯ ಕಲ್ಲುಗಳ ನಡುವೆ ಕಳೆದ ಬಾಲ್ಯ, ಒಂದು ಹಾಡು, ಮುದುಕ ಕುರಿಗಾಹಿಯೊಬ್ಬನ ಉಪದೇಶ. ಐದನೆಯ ಪುಟಕ್ಕೆ ಬಂದಾಗಲೂ ಕನ್ನಡಿ ಬಂದಿರಲಿಲ್ಲ. ದಾನೇಶ್ವರಿ ಮೊಬೈಲನ್ನು ಅವರ ಕಡೆ ತಿರುಗಿಸಿದಳು. ಓದು ಶುರುವಾಗಿ ಒಂಬತ್ತು ನಿಮಿಷವಾಗಿತ್ತು.

"ಸರ, ನಮ್ಮ ಪಿಚ್ಚರ ಮುಗದು ಜನ ಮನಿಗಿ ಹೋಗಿ ಊಟ ಮಾಡಾಕತ್ಯಾರ."

ಅವಳು ಗೋಡೆಗೆ ದರ್ಜಿಯ ಟೇಪೊಂದನ್ನು ಉದ್ದಕ್ಕೆ ಅಂಟಿಸಿದ್ದಳು. ನೂರಿಪ್ಪತ್ತು ಸೆಂಟಿಮೀಟರಿನ ಆಚೆಯದನ್ನು ಮಡಚಿ ಹಿಂದಕ್ಕೆ ಹಾಕಿದ್ದಳು. ಒಂದು ಸೆಂಟಿಮೀಟರು ಒಂದು ಸೆಕೆಂಡು. ಇಪ್ಪತ್ತೈದರ ಮೇಲೆ ಒಂದು ಗುಂಡುಸೂಜಿ, ತೊಂಬತ್ತರ ಮೇಲೆ ಇನ್ನೊಂದು. ಮೊದಲ ಸೂಜಿಯವರೆಗೆ ಒಂದನೆಯ ಅಂಕ: ಯಾರು, ಎಲ್ಲಿ, ಅವನಿಗೆ ಏನು ಬೇಕು, ಅವನ ದಿನವನ್ನು ಕೆಡಿಸುವುದು ಯಾವುದು. ಎರಡನೆಯ ಸೂಜಿಯವರೆಗೆ ಎರಡನೆಯ ಅಂಕ: ಬೇಕಾದ್ದಕ್ಕಾಗಿ ಅವನು ಬಡಿದಾಡುವುದು, ಪ್ರತಿ ಸಲ ಹಿಂದಿನದಕ್ಕಿಂತ ಹೆಚ್ಚು ಕೆಡುವುದು. ಉಳಿದ ಮೂವತ್ತು ಮೂರನೆಯ ಅಂಕ: ಅವನು ಒಂದು ನಿರ್ಧಾರ ಮಾಡುವುದು, ಅದರ ಫಲ. ಏನಾದರೂ ಸೇರಿಸಬೇಕೆನ್ನುವವರು ಯಾವುದನ್ನು ಕಿತ್ತು ಸೇರಿಸಬೇಕೆಂದೂ ಹೇಳಬೇಕು. ಮಾಸ್ತರರು ಐಹೊಳೆಯನ್ನು ಸೇರಿಸಲು ನೋಡಿದರು. ಹಾಗಾದರೆ ಕನ್ನಡಿಯನ್ನು ತೆಗೆಯಬೇಕಾಗುತ್ತಿತ್ತು.

ಹನ್ನೊಂದು ಪುಟ ಕಸದ ಬುಟ್ಟಿಗೆ ಹೋದ ಮೇಲೆ, ಕಳೆದುಕೊಳ್ಳಲು ಇನ್ನೇನೂ ಇಲ್ಲದ ಮನುಷ್ಯನ ನಿರಾಳದಲ್ಲಿ, ಮಾಸ್ತರರ ಬಾಯಿಂದ ಒಂದು ಒಳ್ಳೆಯ ಮಾತು ಬಂತು. ಟಗರು ಕನ್ನಡಿಯನ್ನು ಗುದ್ದುವುದು ಘಟನೆಯಾಯಿತು, ಕಥೆಯಾಗಲಿಲ್ಲ. ಗುದ್ದದೆ ಇದ್ದರೆ ಅದಕ್ಕೆ ಆಗುವ ನಷ್ಟವೇನು ಎಂದು ಅವರು ಕೇಳಿದರು. ದಾನೇಶ್ವರಿ ಕಣದ ಕಾನೂನು ಹೇಳಿದಳು. ಟಗರಿನ ಕಾಳಗದಲ್ಲಿ ಸೋಲು ರಕ್ತ ನೋಡಿ ತೀರ್ಮಾನವಾಗುವುದಿಲ್ಲ. ಎದುರಾಳಿಗೆ ಮುಖ ತಿರುಗಿಸಿ ಬೆನ್ನು ತೋರಿಸಿದ್ದು ಸೋತಿತು.

"ಸೋತದ್ದು ಎಲ್ಲಿಗಿ ಹೋಗ್ತದವಾ?"

"ಖಾನಾವಳಿಗ್ರಿ."

ಇಬ್ಬರೂ ಟೇಪಿನ ಕಡೆ ತಿರುಗಿದರು. ಒಂದನೆಯ ಅಂಕ ಅಲ್ಲೇ ಆಯಿತು. ಕಣ. ನಮ್ಮ ಟಗರು ಎದುರಿನದನ್ನು ಒಂದೇ ಡಿಕ್ಕಿಗೆ ಬೀಳಿಸುತ್ತದೆ. ಬಿದ್ದದ್ದು ಎದ್ದು ಬೆನ್ನು ತಿರುಗಿಸುತ್ತದೆ. ಅದರ ಹಗ್ಗ ಹಿಡಿದು ಎಳೆದೊಯ್ಯುತ್ತಾರೆ. ಬೇಲಿಯಾಚೆ ಹೊಗೆ, ದೊಡ್ಡ ಹಂಡೆ. ನಮ್ಮ ಟಗರು ಹಂಡೆಯನ್ನು ನೋಡುತ್ತದೆ. ಅದಕ್ಕೆ ಏನು ಬೇಕೆಂದು ಇನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ. ಇಪ್ಪತ್ತೈದನೆಯ ಸೆಕೆಂಡಿಗೆ ಅದು ಮನೆಯಲ್ಲಿ ಕನ್ನಡಿಯ ಎದುರು ನಿಲ್ಲುತ್ತದೆ.

ಎರಡನೆಯದು ಜಗಳವಾಡಿಕೊಂಡು ಬಂತು. ಮೊದಲ ಡಿಕ್ಕಿಗೇ ಕನ್ನಡಿ ಪುಡಿಯಾಗಲಿ ಎಂದರು ಮಾಸ್ತರರು. ಪುಡಿಯಾದರೆ ಎದುರಾಳಿ ಸತ್ತ, ಉಳಿದ ಸೆಕೆಂಡುಗಳಲ್ಲಿ ಯಾರನ್ನು ಬಡಿಯುವುದು ಎಂದಳು ದಾನೇಶ್ವರಿ. ಕನ್ನಡಿ ಬಿರುಕು ಬಿಡುತ್ತದೆ, ಬೀಳುವುದಿಲ್ಲ. ಬಿರುಕು ಎದುರಾಳಿಯ ಹಣೆಯ ಮೇಲೆ ಗಾಯದಂತೆ ಕಾಣುತ್ತದೆ. ನಮ್ಮ ಟಗರಿನ ಹಣೆಯಲ್ಲೂ ರಕ್ತ. ಇದು ಹೆಚ್ಚು ಹಿಂದಕ್ಕೆ ಸರಿದರೆ ಅದೂ ಅಷ್ಟೇ ಸರಿಯುತ್ತದೆ. ಇದರ ಕೋಡು ಮುರಿದರೆ ಅದರದೂ ಮುರಿಯುತ್ತದೆ. ಇದು ಎಷ್ಟು ಜೋರಾಗಿ ಹೊಡೆದರೆ ಅಷ್ಟೇ ಜೋರಾಗಿ ಹೊಡೆಸಿಕೊಳ್ಳುತ್ತದೆ. ತೊಂಬತ್ತಕ್ಕೆ ಬರುವಾಗ ಟಗರಿಗೆ ನಿಲ್ಲಲು ಕಾಲಿಲ್ಲ, ತಿರುಗಿದರೆ ಹಂಡೆ.

ಅಲ್ಲಿಗೆ ಇಬ್ಬರ ಬುದ್ಧಿಯೂ ನಿಂತಿತು. ಮೂವತ್ತು ಸೆಂಟಿಮೀಟರು ಖಾಲಿ ಉಳಿಯಿತು. ಮಾಸ್ತರರು ಟಗರು ಕಣ್ಣೀರು ಹಾಕಿ ಅಹಿಂಸೆಯ ದಾರಿ ಹಿಡಿಯಲಿ ಎಂದರು. ಅವಳು ಸೊಂಟ ನೋವಿಗೆ ಹಚ್ಚಿಕೊಳ್ಳಲು ಮುಲಾಮು ಕೊಟ್ಟಳು.

ಅಷ್ಟರಲ್ಲಿ ಈರಪ್ಪ ಮೇಲೆ ಬಂದ. ಟೇಪಿನ ಕೆಳಗೆ ಅವಳು ಅಂಟಿಸಿದ್ದ ಚಿತ್ರಗಳಲ್ಲಿ ತನ್ನ ಬಬ್ಲು ಕೋಡು ಮುರಿದುಕೊಂಡು ನಿಂತಿದ್ದನ್ನು ನೋಡಿದ. ಕಡೆಗೆ ಯಾರು ಗೆಲ್ಲುತ್ತಾರೆಂದು ಕೇಳಿದ. ಗೊತ್ತಿಲ್ಲ ಎಂದಳು ತಂಗಿ. ಈರಪ್ಪ ಅವಳ ತಲೆಯನ್ನು ತೆಂಗಿನಕಾಯಿ ತಟ್ಟಿ ನೋಡುವಂತೆ ಬೆರಳ ಗಿಣ್ಣಿನಿಂದ ಎರಡು ಸಲ ಕುಟ್ಟಿದ. ಸದ್ದು ಮಾಸ್ತರರಿಗೂ ಕೇಳಿಸಿತು.

"ನನ್ನ ಟಗರ ಸೋತಂಗ ತೋರಿಸಿದ್ಯೋ, ಈ ಟಿವಿ ನಿನ್ನ ತಲಿ ಮ್ಯಾಲ ಒಡೀತೇನಿ."

ಅದು ಟಿವಿಯಲ್ಲ, ಕಂಪ್ಯೂಟರು ಎಂದು ತಿದ್ದಲು ಮಾಸ್ತರರು ಬಾಯಿ ತೆರೆದರು. ಈರಪ್ಪ ಅವರ ಕಡೆ ನೋಡಿದ. ಅವರು ಆಕಳಿಸಿದರು.

ಭಾನುವಾರ ಗುಡೂರಿನ ಹೊರಗೆ, ಕೊಯ್ದ ಹೊಲವೊಂದರಲ್ಲಿ ನಾಲ್ಕು ಹಲ್ಲಿನ ಟಗರುಗಳ ಕಾಳಗವಿತ್ತು. ಟಗರಿನ ವಯಸ್ಸನ್ನು ಹಲ್ಲು ನೋಡಿ ಲೆಕ್ಕ ಹಾಕಿ, ಹಲ್ಲಿಗೆ ಹಲ್ಲು ಸರಿಯಿದ್ದರೆ ಮಾತ್ರ ಕಣಕ್ಕೆ ಬಿಡುವುದು ಪದ್ಧತಿ. ಮನುಷ್ಯರಿಗೆ ಅಂಥ ಪದ್ಧತಿ ಇಲ್ಲದ್ದರಿಂದ ಐವತ್ತೊಂದರ ಮಾಸ್ತರರೂ ಕಣದ ಅಂಚಿನಲ್ಲಿ ನಿಂತಿದ್ದರು. ಮೂರನೆಯ ಅಂಕ ಅಲ್ಲಿ ಸಿಗಬಹುದೆಂದು ದಾನೇಶ್ವರಿ ಅವರನ್ನು ಕರೆತಂದಿದ್ದಳು. ಕಡ್ಡಿಯಂಥ ಗೆರೆಗಳಲ್ಲಿ ಚಿತ್ರ ಬರೆಯುತ್ತ ಅವಳು ಕಣ್ಣು ಮಿಟುಕಿಸದೆ ನೋಡುತ್ತಿದ್ದಳು.

ಬಬ್ಲುವಿನ ಎದುರು ಕನಕಪ್ಪನೆಂಬವನ ಕರಿಯ ಟಗರು. ಎರಡೂ ಒಂದನ್ನೊಂದು ನೋಡುತ್ತ ಹೆಜ್ಜೆ ಹೆಜ್ಜೆಯಾಗಿ ಹಿಂದೆ ಸರಿದವು, ನಿಂತವು, ನುಗ್ಗಿದವು. ಹಣೆಗೆ ಹಣೆ ಕೂಡಿದ ಸದ್ದಿಗೆ ಮಾಸ್ತರರ ಕಟ್ಟಿಸಿದ ಹಲ್ಲು ಒಳಗೇ ನಡುಗಿತು. ಮತ್ತೆ ಹಿಂದೆ, ಮತ್ತೆ ನುಗ್ಗು. ಮೈಕಿನವನು ಡಿಕ್ಕಿ ಎಣಿಸುತ್ತಿದ್ದ. ಎಣಿಕೆ ಬೆಳೆದಂತೆ ಮಣ್ಣಿನ ಮೇಲೆ ಕೆಂಪು ಚುಕ್ಕೆಗಳು ಬೆಳೆದವು. ಕೊನೆಗೊಂದು ಡಿಕ್ಕಿಗೆ ಕರಿಯ ಟಗರಿನ ಎಡಗೋಡು ಬುಡದಿಂದ ಕಿತ್ತು ಬಂದು ಕೆನ್ನೆಯ ಮೇಲೆ ಜೋತುಬಿತ್ತು. ರಕ್ತ ಕಣ್ಣಿಗಿಳಿಯಿತು. ಆದರೂ ಅದು ತಿರುಗಲಿಲ್ಲ. ತೂರಾಡುತ್ತ ಎದುರಿಗೇ ನಿಂತಿತು. ಇನ್ನೊಂದು ಪೆಟ್ಟಿಗೆ ಅದು ಸಾಯುತ್ತದೆಂದು ಕಣಕ್ಕೆಲ್ಲ ಗೊತ್ತಾಯಿತು. ಈರಪ್ಪ ಆ ಪೆಟ್ಟಿಗಾಗಿ ಕೂಗುತ್ತಿದ್ದ.

ಬಬ್ಲು ಅದನ್ನು ನೋಡಿತು. ಆಮೇಲೆ ನಿಧಾನವಾಗಿ, ನೀರು ಕುಡಿದು ಹೊಳೆಯಿಂದ ತಿರುಗುವಂತೆ, ಮುಖ ತಿರುಗಿಸಿ ಬೆನ್ನು ತೋರಿಸಿತು.

ಅರ್ಧ ಸತ್ತ ಟಗರು ಗೆದ್ದಿತೆಂದು ಮೈಕು ಹೇಳಿತು. ಕನಕಪ್ಪ ನಕ್ಕು, ನಿನ್ನ ಟಗರಿಗೆ ಬದಾಮಿ ಬದಲು ಬಳೆ ತೊಡಿಸು ಎಂದ. ಈರಪ್ಪನ ಮುಷ್ಟಿ ಅವನ ಬಾಯಿಯ ಮೇಲೆ ಬಿತ್ತು. ಕನಕಪ್ಪ ಎರಡು ಹಲ್ಲು ಉಗುಳಿ, ಉಗುಳಿದ್ದನ್ನು ನೋಡಿ, ಪ್ಲಾಸ್ಟಿಕ್ ಕುರ್ಚಿ ಎತ್ತಿದ. ಮುಂದಿನದನ್ನು ಬಿಡಿಸಿ ಹೇಳುವುದು ಕಷ್ಟ. ಕುರ್ಚಿಗಳು ಹಾರಿದವು, ಕಲ್ಲುಗಳು ಹಾರಿದವು, ಯಾರದೋ ಕಿವಿ ಹರಿಯಿತು, ಯಾರನ್ನೋ ಬೇಲಿಯ ಜಾಲಿಮುಳ್ಳಿನ ಮೇಲೆ ಎತ್ತಿ ಹಾಕಿದರು. ಮೈಕಿನವನು ಅಭ್ಯಾಸಬಲದಿಂದ ಎಣಿಸುತ್ತಲೇ ಇದ್ದ. ಮಾಸ್ತರರು ಶಾಂತಿಯ ಬಗ್ಗೆ ಎರಡು ಮಾತು ಹೇಳಲು ಕೈ ಎತ್ತಿದರು. ಹಿಂದಿನಿಂದ ಬಂದ ಕಪಾಳಮೋಕ್ಷಕ್ಕೆ ಕನ್ನಡಕ ಒಂದು ಕಡೆ, ಅವರು ಒಂದು ಕಡೆ ಬಿದ್ದರು. ಹೊಡೆದವನು ಬಗ್ಗಿ ಮುಖ ನೋಡಿ, ತನ್ನ ಮಗನಿಗೆ ಕನ್ನಡ ಕಲಿಸಿದವರೆಂದು ಗುರುತಿಸಿ, ಕನ್ನಡಕ ಎತ್ತಿ ಕೊಟ್ಟು, ಬೇರೆಯವರನ್ನು ಹೊಡೆಯಲು ಹೋದ.

ಮಾಸ್ತರರಿಗೆ ಮತ್ತೆ ಕಣ್ಣು ಕಾಣುವ ಹೊತ್ತಿಗೆ ಈರಪ್ಪ ಗುಂಪಿನಿಂದ ಹೊರಗೆ ಬಂದಿದ್ದ. ಬೇವಿನ ಮರಕ್ಕೆ ಕಟ್ಟಿದ್ದ ಬಬ್ಲುವನ್ನು ಬಡಿಗೆಯಿಂದ ಹೊಡೆಯುತ್ತಿದ್ದ. ಬೆನ್ನಿಗೆ, ಕಾಲಿಗೆ, ಕಾಳಗ ಮುಟ್ಟದೆ ಬಿಟ್ಟಿದ್ದ ಮೂತಿಗೆ. ಟಗರು ಹಗ್ಗದ ಉದ್ದಕ್ಕೆ ಸುತ್ತುತ್ತಿತ್ತು, ದನಿ ತೆಗೆಯಲಿಲ್ಲ. ದಾನೇಶ್ವರಿ ನಡುವೆ ಹೋದಳು. ಬಡಿಗೆ ನಿಲ್ಲಲಿಲ್ಲ. ಅವಳ ಬಲಗೈಯ ಮಣಿಕಟ್ಟಿನ ಮೇಲೆ ಬಿತ್ತು, ಒಣಕಟ್ಟಿಗೆ ಮುರಿದಂಥ ಸದ್ದು ಬಂತು.

"ಸರಿ ಆಕಡಿ. ನಿನಗೂ ಸೇರಿಸಿ ಹಾಕಲೇನ?" ಎಂದ ಈರಪ್ಪ.

ಅವಳು ಅಣ್ಣನ ಮುಖವನ್ನು ನೋಡಿದಳು. ಆಮೇಲೆ ಅವನಿಗೆ ಬೆನ್ನು ತಿರುಗಿಸಿ ಮರದ ಕಡೆ ಬಗ್ಗಿ, ಎಡಗೈಯಿಂದ ಹಗ್ಗದ ಗಂಟನ್ನು ಎಳೆದು ಬಿಟ್ಟು, ಪಕ್ಕಕ್ಕೆ ಸರಿದು ನಿಂತಳು.

ಬಬ್ಲು ಈರಪ್ಪನನ್ನು ನೋಡಿತು. ಹೆಜ್ಜೆ ಹೆಜ್ಜೆಯಾಗಿ ಹಿಂದೆ ಸರಿಯಿತು. ಅದರ ಹಿಂಭಾಗ ಬೇವಿನ ಬೊಡ್ಡೆಗೆ ತಾಗಿತು. ಹನ್ನೆರಡು ವರ್ಷ ಟಗರು ಸಾಕಿದ ಈರಪ್ಪನಿಗೆ ಅದರ ಅರ್ಥ ಗೊತ್ತಿತ್ತು. ಬಡಿಗೆ ಕೆಳಗೆ ಬಿಟ್ಟು, "ಬಬ್ಲು, ನಾನಲೇ," ಎಂದ. ಅದು ಗೊತ್ತಿದ್ದೇ ನುಗ್ಗಿತು.

ಬಾಗಲಕೋಟೆಯ ದವಾಖಾನೆಯಲ್ಲಿ ಈರಪ್ಪನಿಗೆ ಮಂಚ ಸಿಕ್ಕಿತು, ದಾನೇಶ್ವರಿಯ ಕೈಗೆ ಸಿಮೆಂಟಿನ ಪಟ್ಟಿ ಬಿತ್ತು, ಮಾಸ್ತರರ ಕೆನ್ನೆಗೆ ಐಸು. ಸೋಮವಾರ ಮಧ್ಯಾಹ್ನ ಇಳಿಯುವ ಹೊತ್ತಿಗೆ ಅಣ್ಣನ ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತು ಅವಳು ಹಂದರ ಹೇಳತೊಡಗಿದಳು. ಬರೆಯುವ ಕೈ ಮಾಸ್ತರರದಾಯಿತು. ಒಂದು, ಎರಡನೆಯ ಅಂಕಗಳು ಸರಾಗವಾಗಿ ಇಳಿದವು. ಮೂರನೆಯದಕ್ಕೆ ಬಂದಾಗ ಅವರು ಉಸಿರು ಎಳೆದುಕೊಂಡು, 'ಆಕ್ರೋಶದಿಂದ ಕುದಿಯುತ್ತ' ಎಂದು ಬರೆದರು.

"ಆಕ್ರೋಶ ಕಾಣಾಂಗಿಲ್ರಿ ಸರ. ಕಿವಿ ಹಿಂದ ಹೊಕ್ಕಾವ. ಅಷ್ಟ ಬರೀರಿ."

ಅವರು ಹೊಡೆದು ಹಾಕಿದರು. ಅವಳು ಹೇಳಿದಳು: ತೊಂಬತ್ತನೆಯ ಸೆಕೆಂಡು. ಟಗರಿನ ಹಿಂದೆ ಯಜಮಾನ ಬರುತ್ತಾನೆ, ಬಡಿಗೆಯಿಂದ ಕನ್ನಡಿಯ ಕಡೆ ತಿವಿಯುತ್ತಾನೆ. ಟಗರು ಕನ್ನಡಿಯಲ್ಲಿ ನೋಡುತ್ತದೆ: ಎದುರಾಳಿಯ ಹಿಂದೆಯೂ ಬಡಿಗೆ ಹಿಡಿದವನು ನಿಂತಿದ್ದಾನೆ. ಅದು ಕಿಟಕಿಯಾಚೆ ಹಂಡೆಯ ಹೊಗೆ ನೋಡುತ್ತದೆ. ಮುಖ ತಿರುಗಿಸುತ್ತದೆ. ಅದೇ ಕ್ಷಣಕ್ಕೆ ಕನ್ನಡಿಯ ಟಗರೂ ಮುಖ ತಿರುಗಿಸುತ್ತದೆ. ಎರಡು ಬೆನ್ನು. ಬೆನ್ನು ನೋಡುವ ಮುಖವೇ ಇಲ್ಲ, ಯಾರೂ ಸೋಲಲಿಲ್ಲ.

ಬರೆಯುತ್ತಿದ್ದ ಮಾಸ್ತರರ ಕೈ ನಿಂತಿತು. ಕಣದ ಕಾನೂನನ್ನು ಹೀಗೂ ದಾಟಬಹುದೆಂದು ಅವರಿಗೆ ಹೊಳೆದಿರಲಿಲ್ಲ. ಇಲ್ಲಿಗೇ ಮುಗಿಸಬಹುದು, ಭಾಳ ಛಲೋ ಐತಿ ಎಂದರು. ಅವಳು ತಲೆಯಾಡಿಸಿದಳು. ಇನ್ನೂ ಹನ್ನೆರಡು ಸೆಕೆಂಡು ಉಳಿದಿದ್ದವು. ತಿರುಗಿದ ಟಗರಿನ ಎದುರಿಗೆ ಈಗ ಯಜಮಾನನೊಬ್ಬನೇ ಇದ್ದಾನೆ. ಟಗರು ಹಿಂದೆ ಸರಿಯುತ್ತದೆ, ಹಿಂಭಾಗ ಗಾಜಿಗೆ ತಾಗುತ್ತದೆ. ಯಜಮಾನನ ಬಡಿಗೆ ಕೈಯಿಂದ ಜಾರುತ್ತದೆ. ತೆರೆ ಕಪ್ಪಾಗುತ್ತದೆ. ಸದ್ದು.

ಮಂಚದ ಮೇಲೆ ಈರಪ್ಪ ಕಣ್ಣು ಮುಚ್ಚಿ ಮಲಗಿದ್ದ. ನಿದ್ದೆ ಮಾಡಿರಲಿಲ್ಲ. ಅವಳು ಹೇಳಿ ಮುಗಿಸಿದ ಕೂಡಲೇ ಕೈ ಚಾಚಿ, ಮಾಸ್ತರರ ಮುಂಗೈಯನ್ನು ಮೂಳೆ ನುರಿಯುವಂತೆ ಹಿಡಿದು, ಹಾಳೆ ಕಿತ್ತುಕೊಂಡ. ಪಕ್ಕೆಲುಬಿನ ನೋವಿಗೆ ಹಲ್ಲು ಕಚ್ಚಿಕೊಂಡು ಅದನ್ನು ಎರಡು ಮಾಡಿದ, ನಾಲ್ಕು ಮಾಡಿದ, ಚೂರು ಚೂರು ಮಾಡಿ ಪಕ್ಕದ ಬೇಸಿನ್ನಿನಲ್ಲಿ ಹಾಕಿದ. ಬೇಸಿನ್ನಿನಲ್ಲಿ ಅವನದೇ ವಾಂತಿ ಇತ್ತು.

"ಊರಿಗೆಲ್ಲ ನನ್ನ ಮಾನ ತೋರಸ್ತಿ? ಈ ಎದಿ ಬೆಲ್ಟ ಬಿಚ್ಚಿದ ದಿನ ನಿನ್ನ ಖೋಲಿಗಿ ಬೆಂಕಿ ಹಚ್ಚತೇನಿ."

ಗೋಡೆಯ ಗಡಿಯಾರದಲ್ಲಿ ನಾಲ್ಕೂವರೆ ದಾಟಿತ್ತು. ಮಾಸ್ತರರು ಬೇಸಿನ್ನಿನ ಕಡೆ ನೋಡಿದರು. ದಾನೇಶ್ವರಿ ಎದ್ದು ಅಣ್ಣನ ಹೊದಿಕೆ ಸರಿಮಾಡಿ, ನೀರಿನ ಲೋಟ ಅವನ ಕೈಗೆ ಎಟುಕುವಂತೆ ಇಟ್ಟು, ಹೊರಗೆ ನಡೆದಳು. ಆಸ್ಪತ್ರೆಯ ಮೊಗಸಾಲೆಯ ಬೆಂಚಿನ ಮೇಲೆ ಮೊಬೈಲನ್ನು ಮಾಸ್ತರರ ಕೈಗೆ ಕೊಟ್ಟು, "ಹೇಳ್ರಿ ಸರ. ನಿಮಗ ನೆನಪಿದ್ದಷ್ಟು ಹೇಳಿ ಒತ್ತರಿ. ಮರತದ್ದೆಲ್ಲಾ ಬ್ಯಾಡಾದದ್ದ," ಎಂದಳು.

ಮಾಸ್ತರರು ತಮ್ಮದೇ ಹನ್ನೊಂದು ಪುಟಗಳ ಮೊದಲ ವಾಕ್ಯವನ್ನು ನೆನಪಿಸಿಕೊಳ್ಳಲು ಹೋಗಿ ಸೋತವರು. ಭಾಷಣದ ನಡುವೆ ತಮ್ಮದೇ ನಗೆಹನಿ ಮರೆತು ನೀರು ಕುಡಿಯುವವರು. ಅಂಥವರು ಹಂಡೆಯಿಂದ ಶುರು ಮಾಡಿದರು. ಹಂಡೆ ನೆನಪಾದರೆ ಕನ್ನಡಿ ಬಂತು, ಕನ್ನಡಿಯ ಹಿಂದೆ ಬಿರುಕು, ಬಿರುಕಿನ ಹಿಂದೆ ಮುರಿದ ಕೋಡು. ಒಂದು ಇನ್ನೊಂದರ ಕೈ ಹಿಡಿದು ಎಳೆದು ತಂದಿತು. ಬಾತ ಬೆರಳಿನಿಂದ ಅಕ್ಷರ ಒತ್ತುತ್ತ ಒತ್ತುತ್ತ ಅವರು 'ಸದ್ದು' ಎಂಬಲ್ಲಿಗೆ ಬಂದು ನಿಂತಾಗ, ಬಿಟ್ಟುಹೋದದ್ದು ಒಂದೇ ಮಾತು: ಯಜಮಾನನ ಮೀಸೆಯ ವರ್ಣನೆ. ಹರಿದುಹೋದ ಹಾಳೆಯಲ್ಲಿ ಅದನ್ನು ಅವಳಿಗೆ ಹೇಳದೆ ಅವರೇ ಸೇರಿಸಿದ್ದರು. ದಾನೇಶ್ವರಿ ಒಮ್ಮೆ ಓದಿ, ಐದಕ್ಕೆ ಕೆಲವೇ ನಿಮಿಷ ಇರುವಾಗ ಕಳಿಸಿದಳು.

ಮುಂದಿನ ವಾರಗಳು ಸುಲಭದವಾಗಿರಲಿಲ್ಲ. ಈರಪ್ಪ ಎದೆಗೆ ಬೆಲ್ಟು ಬಿಗಿದುಕೊಂಡು ಗಿರಣಿಯಲ್ಲಿ ಕೂತ. ಟಗರಿಗೆ ಮೇವು ಹಾಕುವ ದಾಣಿಯನ್ನು ಮೆಟ್ಟಿಲ ಬುಡಕ್ಕೆ ತರಿಸಿ ಇಟ್ಟ, ಫಲಿತಾಂಶ ಬಂದ ದಿನವೇ ಮೇಲೆ ಹೊರಿಸಲು. ಬಬ್ಲುವನ್ನು ಕೊಳ್ಳಲು ಖಾನಾವಳಿಯವನು ಎರಡು ಸಲ ಬಂದು ಹೋದ. ಟಗರಿನ ಹಗ್ಗ ಬಿಚ್ಚಿ ಕೊಡುವ ಧೈರ್ಯ ಈರಪ್ಪನಿಗೂ ಇರಲಿಲ್ಲ, ಖಾನಾವಳಿಯವನಿಗೂ ಇರಲಿಲ್ಲ. ಅವ್ವ ಗುರುಸಿದ್ದವ್ವ ಮಾತ್ರ ಅದಕ್ಕೆ ನೀರಿಡುತ್ತಿದ್ದಳು, ಮಗನಿಗೂ ಇಡುತ್ತಿದ್ದಳು, ಇಬ್ಬರಿಗೂ ಒಂದೇ ಮಾತು ಬೈಯುತ್ತಿದ್ದಳು.

ಒಂದು ಮಧ್ಯಾಹ್ನ ಆಯ್ಕೆ ಸಮಿತಿಯವರು ಕಂಪ್ಯೂಟರಿನ ತೆರೆಯ ಮೇಲೆ ಬಂದರು. ಮಾಸ್ತರರು ತೆರೆಗೆ ಕಾಣದಂತೆ ಗೋಡೆಗೆ ಅಂಟಿ ನಿಂತಿದ್ದರು. ಕೆಳಗೆ ಈರಪ್ಪ ಗಿರಣಿಯನ್ನು ಬೇಕೆಂದೇ ಜೋರಾಗಿ ಓಡಿಸಿದ. ದಾನೇಶ್ವರಿಯ ಮುಖ ಆ ಕಡೆಯವರಿಗೆ ನಡುಗುತ್ತ ಕಂಡಿರಬೇಕು, ನೀವು ಹೆದರಬೇಡಿ ಎಂದರು. ಹೆದರಿಲ್ಲ, ಗಿರಣಿ ಎಂದಳು. ಸಮಿತಿಯ ಹೆಂಗಸು ತುಂಬ ಮೃದುವಾಗಿ ಮಾತಾಡುವವರು. ಒಂದು ಸಾಲನ್ನು ಇಷ್ಟು ಬಿಗಿಯಾಗಿ ಮೂರು ಅಂಕಕ್ಕೆ ಹಂಚಿದ್ದನ್ನು ತಾವು ನೋಡಿಲ್ಲ ಎಂದರು. ಕನ್ನಡಿಯ ಟಗರೂ ತಿರುಗುವ ಕಡೆಯನ್ನು ಸಮಿತಿಯವರು ಎರಡೆರಡು ಸಲ ಓದಿದರಂತೆ. ಚಿತ್ರ ಆಯ್ಕೆಯಾಗಿದೆ, ಕೆಲಸ ಶುರು ಮಾಡಬಹುದು ಎಂದರು.

ದಾನೇಶ್ವರಿ, "ಆತ್ರಿ," ಎಂದಳು.

"ಒಂದೇ ಒಂದು ಪ್ರಶ್ನೆ ಇದೆ," ಎಂದರು ಆ ಹೆಂಗಸು. "ಮಕ್ಕಳೂ ನೋಡ್ತಾರೆ ನೋಡಿ. ಕೊನೆಯಲ್ಲಿ ಹಿಂಸೆ ಸ್ವಲ್ಪ ಜಾಸ್ತಿಯಾಯ್ತು ಅನ್ನಿಸಲಿಲ್ವಾ? ಒಂಚೂರು ಕಡಿಮೆ ಮಾಡೋಕೆ ಆಗ್ತಿರಲಿಲ್ವಾ?"

ದಾನೇಶ್ವರಿ ಸಿಮೆಂಟು ಕಟ್ಟಿದ ಕೈಯನ್ನು ಮೇಜಿನಿಂದ ಕೆಳಗೆ ಇಳಿಸಿಕೊಂಡಳು.

"ಕಡಿಮಿ ಮಾಡೇ ಕಳಿಸೇನ್ರಿ ಮೇಡಮ್. ನಮ್ಮಣ್ಣಂದು ಮೂರು ಎಲುಬು ಮುರದಾವ. ಪಿಚ್ಚರದಾಗ ಬರೇ ಸದ್ದ ಇಟ್ಟೇನಿ."